‘ಅನ್ಸುತ್ತೆ’ ಅಂತ ಬರೆದ ಒಂದು ವಾಕ್ಯ

ಪ್ಯಾಕೆಟ್ ಸೀಲ್ ಮಾಡುವ ಮಷೀನ್ ಮಾರಿದ ಅಂಗಡಿಯ ಬಗ್ಗೆ ಆನ್‌ಲೈನಿನಲ್ಲಿ ನಾನು ಬರೆದ ರಿವ್ಯೂಗೆ ವಕೀಲರ ನೋಟಿಸು ಬಂತು. ಮೊದಲು ಆ ರಿವ್ಯೂ ಏನು ಅಂತ ಪೂರ್ತಿ ಹಾಕಿಬಿಡುತ್ತೇನೆ. ಜಗಳ ಆಮೇಲೆ.

“ಜೂನ್ ತಿಂಗಳಲ್ಲಿ ಇಲ್ಲಿ ಬ್ಯಾಂಡ್ ಸೀಲರ್ ತಗೊಂಡೆ. ಒಂದೇ ವಾರಕ್ಕೆ ಸೀಲ್ ಬಿಡೋಕೆ ಶುರುವಾಯ್ತು. ಸರ್ವಿಸ್‌ಗೆ ಹೇಳಿ 23 ದಿನ ಕಾದ ಮೇಲೆ ಮೆಕ್ಯಾನಿಕ್ ಬಂದರು, ಮೂರೇ ದಿನಕ್ಕೆ ಮತ್ತೆ ಅದೇ ಕಥೆ. ಫೋನ್ ಮಾಡಿದರೆ ಎತ್ತೋದೇ ಇಲ್ಲ. ಹಳೇ ಹೀಟರ್ ಹಾಕಿ ಕೊಟ್ಟಿದ್ದಾರೆ ಅನ್ಸುತ್ತೆ. ಮಳೆಗಾಲದ ವ್ಯಾಪಾರ ಇರೋರು ಯೋಚನೆ ಮಾಡಿ ತಗೊಳ್ಳಿ.”

ಎರಡು ಸ್ಟಾರ್ ಕೊಟ್ಟಿದ್ದೆ. ತಾರೀಖು 2025ರ ಜುಲೈ 24.

ಸಾಗರದಲ್ಲಿ ನಮ್ಮದು ಒಂದು ಸಣ್ಣ ಹೋಮ್ ಪ್ರಾಡಕ್ಟ್ಸ್ ಅಂಗಡಿ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಅಪ್ಪೆಮಿಡಿ, ಜೋನಿಬೆಲ್ಲ. ಜೋಗಕ್ಕೆ ನೀರು ನೋಡಲು ಹೋಗುವವರು ವಾಪಸ್ ಬರುವಾಗ ನಿಲ್ಲಿಸಿ ತಗೊಂಡು ಹೋಗುತ್ತಾರೆ. ಹಾಗಾಗಿ ನಮಗೆ ಜುಲೈ, ಆಗಸ್ಟ್ ಅಂದರೆ ಸುಗ್ಗಿ. ಆದರೆ ಚಿಪ್ಸಿಗೆ ಅದೇ ಕೆಟ್ಟ ಕಾಲ. ಹೊರಗೆ ಧೋ ಅಂತ ಸುರಿಯುವಾಗ ಕವರಿನ ಬಾಯಿ ಒಂದು ಕೂದಲೆಳೆಯಷ್ಟು ಬಿಟ್ಟಿದ್ದರೂ ಸಾಕು, ಎರಡು ದಿನಕ್ಕೆ ಚಿಪ್ಸ್ ಮೆತ್ತಗೆ. ಬೆಂಗಳೂರು ಮುಟ್ಟಿದ ಮೇಲೆ ಕವರ್ ಬಿಚ್ಚಿದವರು ನಮ್ಮನ್ನು ಬೈಯುತ್ತಾರೆ, ಮಳೆಯನ್ನಲ್ಲ.

ಅದಕ್ಕೇ ಕೈಯಲ್ಲಿ ಒತ್ತುವ ಸೀಲರ್ ಬಿಟ್ಟು, ಶಿವಮೊಗ್ಗದ ಒಂದು ಅಂಗಡಿಯಿಂದ ಜೂನ್ 12ರಂದು 18,500 ರೂಪಾಯಿಗೆ ಬ್ಯಾಂಡ್ ಸೀಲರ್ ತಂದೆವು. ಕವರಿನ ಬಾಯಿಯನ್ನು ಎರಡು ಟೆಫ್ಲಾನ್ ಬೆಲ್ಟ್ ಕಚ್ಚಿಕೊಂಡು ಹೋಗುತ್ತವೆ. ಮಧ್ಯೆ ಎರಡೂ ಕಡೆ ಹೀಟರ್ ಇರುತ್ತೆ, ಅದನ್ನು ದಾಟಿ ಆಚೆ ಬರುವಷ್ಟರಲ್ಲಿ ಬಾಯಿ ಬೆಸೆದಿರುತ್ತೆ. ಎರಡರಲ್ಲಿ ಒಂದು ಹೀಟರ್ ಸರಿಯಾಗಿ ಕಾಯದಿದ್ದರೆ ಸೀಲ್ ನೋಡೋಕೆ ಚೆನ್ನಾಗಿಯೇ ಕಾಣುತ್ತೆ, ಗೆರೆ ಕೂಡ ಬಿದ್ದಿರುತ್ತೆ. ಆದರೆ ಹಿಡಿದಿರೋದಿಲ್ಲ. ಕಂಡುಹಿಡಿಯೋಕೆ ನಮ್ಮತ್ತೆಯದು ಒಂದೇ ಉಪಾಯ. ಬಕೆಟ್ಟಿನ ನೀರಿನಲ್ಲಿ ಪ್ಯಾಕೆಟ್ ಮುಳುಗಿಸಿ ಎರಡೂ ಕೈಯಲ್ಲಿ ಮೆಲ್ಲಗೆ ಅದುಮೋದು. ಸೀಲ್ ಬಿಟ್ಟಿದ್ದರೆ ಮೂಲೆಯಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಮೇಲೆ ಬರುತ್ತವೆ. ಜುಲೈ 15ರಂದು ಹೀಗೆ 20 ಪ್ಯಾಕೆಟ್ ಮುಳುಗಿಸಿದೆವು. 7ರಲ್ಲಿ ಗುಳ್ಳೆ ಬಂತು. ಮಗಳು ಅದನ್ನು ಸುಮ್ನೆ ಫೋನಿನಲ್ಲಿ ವಿಡಿಯೋ ಮಾಡಿದ್ದಳು. ಮೆಕ್ಯಾನಿಕ್ಕಿಗೆ ತೋರಿಸೋಣ ಅಂತ, ಅಷ್ಟೇ.

ಸೆಪ್ಟೆಂಬರ್ 11ಕ್ಕೆ ಪೋಸ್ಟ್‌ಮ್ಯಾನ್ ಬಂದು “ಅಕ್ಕಾ, ಇಲ್ಲೊಂದು ಸೈನ್ ಹಾಕಿ” ಅಂದರು. ದಪ್ಪ ಕವರ್, ಮೇಲೆ ವಕೀಲರ ಸೀಲು. ಒಳಗೆ ನಾಲ್ಕು ಪುಟ ಇಂಗ್ಲಿಷ್. ನನ್ನ ಕಕ್ಷಿದಾರರು ಮಾನವಂತರು, ನೀವು ಅವರನ್ನು ಮೋಸಗಾರರು ಅಂದಿದ್ದೀರಿ, ಸೆಕೆಂಡ್ ಹ್ಯಾಂಡ್ ಮಷೀನ್ ಮಾರುತ್ತಾರೆ ಅಂತ ಸುಳ್ಳು ಹಬ್ಬಿಸಿದ್ದೀರಿ. 15 ದಿನದೊಳಗೆ ರಿವ್ಯೂ ತೆಗೆಯಬೇಕು, ಬೇಷರತ್ ಕ್ಷಮೆ ಕೇಳಬೇಕು, 10 ಲಕ್ಷ ಪರಿಹಾರ ಕೊಡಬೇಕು, ಈ ನೋಟಿಸಿನ ಖರ್ಚು 11,000 ರೂಪಾಯಿ ಬೇರೆ. ಇಲ್ಲದಿದ್ದರೆ ಸಿವಿಲ್ ದಾವಾ, ಕ್ರಿಮಿನಲ್ ಕೇಸ್, ಬಂಧನ. ಕೊನೆಯ ಪದವನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು.

ಕೈ ನಡುಗಿತು, ಸುಳ್ಳೇಕೆ ಹೇಳಲಿ. ಮೊದಲು ಮಾಡಲು ಹೊರಟದ್ದು ರಿವ್ಯೂ ಡಿಲೀಟ್. ಫೋನ್ ತೆಗೆದು ಆ ಮೂರು ಚುಕ್ಕಿ ಒತ್ತಿಯೂ ಆಗಿತ್ತು. ನಮ್ಮನೆಯವರು ಕೈ ಹಿಡಿದು, “ತಡಿ ಮಾರಾಯ್ತಿ, ಯಾರನ್ನಾದರೂ ಕೇಳಿ ಮಾಡೋಣ” ಅಂದರು. ಆ ಒಂದು ಮಾತಿಗೆ ಅವರಿಗೆ ನಾನು ಇವತ್ತಿಗೂ ಋಣಿ. ಬೇರೆ ವಿಷಯಗಳಲ್ಲಿ ಲೆಕ್ಕ ಬೇರೆ.

ಮಾರನೇ ದಿನ ಭಾವನವರಿಗೆ ಪರಿಚಯದ ಹಿರಿಯ ವಕೀಲರ ಹತ್ತಿರ ಹೋದೆವು. ಅವರು ನೋಟಿಸು ಓದುವುದಕ್ಕಿಂತ ಮುಂಚೆ “ಎಲ್ಲಿ ನಿನ್ನ ರಿವ್ಯೂ?” ಅಂದರು. ಓದಿದರು. ಆಮೇಲೆ ನೋಟಿಸು ಓದಿದರು. ಮತ್ತೆ ರಿವ್ಯೂ ಓದಿದರು.

“ಮೋಸಗಾರರು ಅಂತ ಎಲ್ಲಿ ಬರೆದಿದ್ದೀಯಮ್ಮ?”

“ಇಲ್ಲ ಸರ್.”

“ಸೆಕೆಂಡ್ ಹ್ಯಾಂಡ್ ಮಷೀನ್ ಅಂತ?”

“ಅದೂ ಇಲ್ಲ. ಹಳೇ ಹೀಟರ್ ಅನ್ಸುತ್ತೆ ಅಂತ...”

“ಹ್ಞಾಂ,” ಅಂದರು. ಆ ‘ಹ್ಞಾಂ’ ನನಗೆ ಹಿಡಿಸಲಿಲ್ಲ.

ಮೊದಲು ಹೆದರಿಕೆ ಇಳಿಸಿದರು. ನೋಟಿಸು ಅಂದರೆ ಸಮನ್ಸ್ ಅಲ್ಲ, ಕೋರ್ಟಿನಿಂದ ಬಂದ ಕಾಗದ ಅಲ್ಲ. ಅವರ ಕಕ್ಷಿದಾರರು ಹೇಳಿದ್ದನ್ನು ವಕೀಲರು ಬರೆದು ಕಳಿಸಿದ್ದಾರೆ, ಅಷ್ಟೇ. ಉತ್ತರ ಕೊಡಲೇಬೇಕು ಅಂತ ಕಾನೂನೂ ಇಲ್ಲ. ಆದರೆ ಕೊಡೋದು ಒಳ್ಳೇದು. ನಾಳೆ ಕೋರ್ಟಿಗೆ ಹೋದರೆ ‘ನೋಟಿಸು ಕೊಟ್ಟೆವು, ಬಾಯಿ ಬಿಡಲಿಲ್ಲ’ ಅಂತ ಅವರು ಹೇಳುವ ಹಾಗಾಗಬಾರದು. ಬಂಧನದ ಮಾತು ಬರೀ ಹೆದರಿಸೋಕೆ. ಮಾನಹಾನಿ ಕೇಸಿನಲ್ಲಿ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ಹಿಡಿದುಕೊಂಡು ಹೋಗುವ ಹಾಗಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಹೊಸ ಕಾನೂನಿನಲ್ಲಿ ಆ ದೂರನ್ನು ಕೈಗೆತ್ತಿಕೊಳ್ಳುವ ಮೊದಲೇ ನಮ್ಮ ಮಾತನ್ನೂ ಕೇಳಬೇಕು. “ಆಗ ಕೈಯಲ್ಲಿ ಏನಿಟ್ಟುಕೊಂಡು ಮಾತಾಡ್ತೀಯ? ಈಗ ಬರೆಯುವ ಉತ್ತರವನ್ನೇ,” ಅಂದರು. ಇನ್ನು 10 ಲಕ್ಷ. ದಾವಾ ಹಾಕುವಾಗ ಕೇಳುವ ಮೊತ್ತಕ್ಕೆ ತಕ್ಕ ಹಾಗೆ ಕೋರ್ಟ್ ಫೀ ಕಟ್ಟಬೇಕು. ನೋಟಿಸಿನಲ್ಲಿ ಸೊನ್ನೆ ಸೇರಿಸೋಕೆ ಏನೂ ಕಟ್ಟಬೇಕಿಲ್ಲ.

ನೋಟಿಸಿನಲ್ಲಿ ಮಾನಹಾನಿಗೆ ಐಪಿಸಿ 499, 500 ಅಂತಿತ್ತು, ಜೊತೆಗೆ ಐಟಿ ಕಾಯ್ದೆಯ 66ಎ. ವಕೀಲರು ಅದನ್ನು ನೋಡಿ ನಕ್ಕರು. 66ಎ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಾನು ರಿವ್ಯೂ ಬರೆದದ್ದು ಅದಾಗಿ ಒಂದು ವರ್ಷಕ್ಕೆ, ಹಾಗಾಗಿ ನನ್ನದಕ್ಕೆ ಅನ್ವಯಿಸೋದು ಸಂಹಿತೆಯ 356ನೇ ಕಲಮು. ನನಗೆ ಸಿಕ್ಕಾಪಟ್ಟೆ ಖುಷಿಯಾಯಿತು. ಹಾಗಾದರೆ ನೋಟಿಸೇ ಬಿದ್ದುಹೋಯಿತಲ್ಲ! ಅವರು ತಲೆ ಅಲ್ಲಾಡಿಸಿದರು. “ಕಲಮು ತಪ್ಪು ಬರೆದರೆ ನೋಟಿಸು ಹಾಸ್ಯಾಸ್ಪದ ಆಗುತ್ತೆ, ನಿನ್ನ ರಿವ್ಯೂ ಸರಿ ಅಂತ ಆಗಲ್ಲ. ಹೊಸ ಕಲಮಿನಲ್ಲಿ ಇರೋದೂ ಹಳೇ ವಿಷಯವೇ. ಅದಕ್ಕೆ ಒಂದು ಸಾಲು ಸಾಕು.”

ಉತ್ತರ ಅವರ ಲೆಟರ್‌ಹೆಡ್ಡಿನಲ್ಲೇ ಹೋಗುತ್ತೆ ಅಂದುಕೊಂಡಿದ್ದೆ. ನೀನೇ ಬರಿ, ನಾನು ತಿದ್ದುತ್ತೇನೆ ಅಂದರು. ಆಗಿದ್ದೆಲ್ಲ ಗೊತ್ತಿರೋದು ನಿನಗೆ, ಕನ್ನಡದಲ್ಲೇ ಬರಿ, ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಕನ್ನಡ ನಡೆಯುತ್ತೆ ಅಂದರು. ಒಂದು ಕೆಲಸ ಕೊಟ್ಟು ಕಳಿಸಿದರು. ರಿವ್ಯೂವಿನ ಆರು ವಾಕ್ಯವನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರು ಅದಕ್ಕೆ ಏನು ಆಧಾರ ಇದೆ ಅಂತ ಬರೆಯಬೇಕು. ಆಧಾರ ಇಲ್ಲದಿದ್ದರೆ ಖಾಲಿ ಬಿಡಬೇಕು. “ಸುಳ್ಳು ತುಂಬಿಸಬೇಡ. ಖಾಲಿ ಎಲ್ಲಿದೆ ಅಂತಲೇ ನನಗೆ ಬೇಕಾಗಿರೋದು.”

ಆ ರಾತ್ರಿ ಮಗಳ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತೆ. ಮೊದಲ ವಾಕ್ಯಕ್ಕೆ ಬಿಲ್ ಇತ್ತು. ಎರಡನೆಯದಕ್ಕೆ ಜೂನ್ 19ರಂದು ಅವರಿಗೇ ವಾಟ್ಸಾಪಿನಲ್ಲಿ ಕಳಿಸಿದ್ದ ಫೋಟೋ, ಅದರ ಕೆಳಗೆ ಅವರದೇ “ಓಕೆ ಮೇಡಮ್ ಹುಡುಗನ್ನ ಕಳಿಸ್ತೀವಿ” ಅನ್ನುವ ಉತ್ತರ. ಮೂರನೆಯದಕ್ಕೆ ಮೆಕ್ಯಾನಿಕ್ ಬರೆದುಕೊಟ್ಟಿದ್ದ ಸರ್ವಿಸ್ ಚೀಟಿ, ಜುಲೈ 12ರದು. ಜೂನ್ 19ರಿಂದ ಜುಲೈ 12ಕ್ಕೆ ಬೆರಳು ಮಡಚಿ ಎಣಿಸಿದೆ. ಸರಿಯಾಗಿ 23 ದಿನ. ಮತ್ತೆ ಹಾಳಾದದ್ದಕ್ಕೆ ಆ ಗುಳ್ಳೆ ವಿಡಿಯೋ. ಕೊನೆಯ ವಾಕ್ಯಕ್ಕೆ ಆಧಾರ ಏನು ಬರೆಯೋದು? ಅದು ಸಲಹೆ, ಬಿಟ್ಟೆ.

ನಾಲ್ಕನೇ ವಾಕ್ಯಕ್ಕೆ ಬಂದಾಗ ಮುಖ ಸಪ್ಪೆಯಾಯಿತು. ‘ಫೋನ್ ಮಾಡಿದರೆ ಎತ್ತೋದೇ ಇಲ್ಲ.’ ಕಾಲ್ ಲಾಗ್ ತೆಗೆದು ನೋಡಿದೆ. ಒಟ್ಟು 14 ಸಲ ಮಾಡಿದ್ದೆ. 3 ಸಲ ಎತ್ತಿದ್ದರು! ಒಂದು ಸಲವಂತೂ ನಾಲ್ಕು ನಿಮಿಷ ಮಾತಾಡಿದ್ದೇವೆ. ನನಗೆ ಒಂದಿಷ್ಟೂ ನೆನಪಿರಲಿಲ್ಲ. ಕೋಪದಲ್ಲಿ ಬರೆಯುವಾಗ ಮನಸ್ಸು ಎತ್ತದ ಕರೆಗಳನ್ನು ಮಾತ್ರ ಎಣಿಸಿತ್ತು. ಆದರೆ ತಾರೀಖು ನೋಡುತ್ತಾ ಹೋದರೆ ಎತ್ತಿದ್ದೆಲ್ಲ ಜುಲೈ 12ಕ್ಕಿಂತ ಮೊದಲು. 15ರ ನಂತರ ಮಾಡಿದ 5 ಕರೆಯಲ್ಲಿ ಒಂದನ್ನೂ ಎತ್ತಿಲ್ಲ. ಅಂದರೆ ನಾನು ಬರೆದದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಐದನೇ ವಾಕ್ಯದ ಎದುರು ಏನೂ ಬರೆಯಲು ಆಗಲಿಲ್ಲ.

ಹಳೇ ಹೀಟರ್ ಅಂತ ನನಗೆ ಅನ್ನಿಸಿದ್ದು ಸುಮ್ಮನೆ ಅಲ್ಲ. ಮೆಕ್ಯಾನಿಕ್ ಮಷೀನ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಕಡೆಯ ಹೀಟರ್ ಪಟ್ಟಿ ಕಪ್ಪಗಾಗಿತ್ತು, ಸ್ಕ್ರೂವಿನ ತಲೆ ಮೊದಲೇ ಯಾರೋ ತಿರುಗಿಸಿದ ಹಾಗೆ ಸವೆದಿತ್ತು. ಅದರ ಫೋಟೋ ಇದೆ. ಆದರೆ ಒಂದು ತಿಂಗಳು ಓಡಿದ ಹೀಟರ್ ಕಪ್ಪಗಾಗಬಾರದು ಅಂತೇನಿದೆ? ಸ್ಕ್ರೂ ಕಂಪನಿಯಲ್ಲೇ ಹಾಗೆ ಆಗಿರಬಹುದು. ಹಳೆಯದು ಅಂತ ಹೇಳಬಲ್ಲವರು ಮೆಕ್ಯಾನಿಕ್ ಒಬ್ಬರೇ, ಅವರು ಆ ಅಂಗಡಿಯ ಕೆಲಸದವರು.

ವಕೀಲರಿಗೆ ನೋಟ್‌ಬುಕ್ ತೋರಿಸಿದೆ. ಐದನೇ ಸಾಲಿನ ಮೇಲೆ ಬೆರಳಿಟ್ಟರು. “ಮಿಕ್ಕ ವಾಕ್ಯಗಳಲ್ಲಿ ಏನಾಯ್ತು ಅಂತ ಹೇಳಿದ್ದೀಯ. ಇದೊಂದರಲ್ಲಿ ಯಾಕಾಯ್ತು ಅಂತ ಹೇಳಿದ್ದೀಯ. ಏನಾಯ್ತು ಅನ್ನೋದು ನಿನ್ನ ಅಂಗಡಿಯಲ್ಲಿ ಆದದ್ದು, ನೀನೇ ಸಾಕ್ಷಿ. ಯಾಕಾಯ್ತು ಅನ್ನೋದು ಅವರ ಅಂಗಡಿಯೊಳಗಿನ ವಿಷಯ. ಅಲ್ಲಿ ನೀನು ಇರಲಿಲ್ಲವಲ್ಲ.”

ನಾನು ‘ಅನ್ಸುತ್ತೆ’ ಅಂತ ಸೇರಿಸಿದ್ದೇನಲ್ಲ ಸರ್, ಅದು ಅಭಿಪ್ರಾಯ ತಾನೇ, ಅಂದೆ. ಇದೇ ನನ್ನ ದೊಡ್ಡ ಧೈರ್ಯವಾಗಿತ್ತು. ಅವರು ಹೇಳಿದ್ದು ಹೀಗೆ. ಸರ್ವಿಸ್ ಚೆನ್ನಾಗಿಲ್ಲ ಅನ್ನಿಸಿತು ಅನ್ನೋದು ಅಭಿಪ್ರಾಯ. ಹೀಟರ್ ಹಳೆಯದೋ ಹೊಸದೋ ಅನ್ನೋದು ನಿಜ ಇಲ್ಲವೇ ಸುಳ್ಳು ಅಂತ ತೀರ್ಮಾನ ಮಾಡಬಹುದಾದ ಸಂಗತಿ. ಅದರ ಬಾಲಕ್ಕೆ ‘ಅನ್ಸುತ್ತೆ’ ಕಟ್ಟಿದರೆ ಅದು ಅಭಿಪ್ರಾಯ ಆಗಿಬಿಡೋದಿಲ್ಲ. ಹೊಸ ಮಾಲು ಅಂತ ದುಡ್ಡು ತಗೊಂಡು ಹಳೇದು ಹಾಕಿದರು ಅಂದರೆ ಓದಿದವರಿಗೆ ಮೋಸ ಅಂತಲೇ ಅರ್ಥ ಆಗುತ್ತೆ. ನೋಟಿಸಿನವರು ‘ಮೋಸಗಾರರು’ ಅನ್ನುವ ಪದ ಹುಟ್ಟಿಸಿಕೊಂಡದ್ದೂ ಇದೇ ವಾಕ್ಯದಿಂದ.

ಕಾನೂನಿನ ಲೆಕ್ಕವನ್ನೂ ಬಿಡಿಸಿ ಹೇಳಿದರು. ಸಿವಿಲ್ ದಾವಾದಲ್ಲಿ ಹೇಳಿದ್ದು ನಿಜ ಅಂತ ತೋರಿಸಿದರೆ ಸಾಕು. ಕ್ರಿಮಿನಲ್ ಕೇಸಿನಲ್ಲಿ ನಿಜ ಆಗಿರಬೇಕು, ಅದನ್ನು ಹೇಳಿದ್ದರಿಂದ ಜನರಿಗೆ ಒಳ್ಳೇದೂ ಆಗುವಂತಿರಬೇಕು. ಇದಲ್ಲದೆ ತನ್ನ ಅಥವಾ ಬೇರೆಯವರ ಹಿತ ಕಾಯೋಕೆ, ಬೇರೆಯವರನ್ನು ಎಚ್ಚರಿಸೋಕೆ ಸದ್ಭಾವನೆಯಿಂದ ಹೇಳಿದ್ದಕ್ಕೂ 356ರಲ್ಲಿ ವಿನಾಯಿತಿ ಇದೆ. ಆದರೆ ಅಲ್ಲಿ ಸದ್ಭಾವನೆ ಅಂದರೆ ಮನಸ್ಸು ಚೊಕ್ಕ ಇತ್ತು ಅಂತಲ್ಲ, ಹೇಳುವ ಮೊದಲು ಸಾಕಷ್ಟು ಎಚ್ಚರ ವಹಿಸಿ ವಿಚಾರಿಸಿದ್ದೀಯ ಅಂತ. ವಿನಾಯಿತಿ ನನಗೆ ಸಲ್ಲುತ್ತೆ ಅಂತ ತೋರಿಸಬೇಕಾದದ್ದೂ ನಾನೇ. “ಹೀಟರ್ ಬಗ್ಗೆ ಏನು ವಿಚಾರಿಸಿದೆ?” ಅಂದರು. ಮೆಕ್ಯಾನಿಕ್ಕನ್ನು ಕೂಡ ಕೇಳಿರಲಿಲ್ಲ ನಾನು.

ಹಾಗಾದರೆ ರಿವ್ಯೂ ತೆಗೆದುಬಿಡಲಾ? ಬೇಡ ಅಂದರು. ನಿಜ ಇರೋದನ್ನು ತೆಗೆಯಬೇಕಿಲ್ಲ. ನಿಲ್ಲದ ವಾಕ್ಯವನ್ನು ತೆಗಿ, ಅರ್ಧ ನಿಜ ಇರುವುದನ್ನು ಸರಿ ಮಾಡು. ಆದರೆ ಅದಕ್ಕೆ ಮೊದಲು ಈಗ ಇರುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡು. ಪೂರ್ತಿ ಪುಟ, ತಾರೀಖು, ವಿಳಾಸ ಎಲ್ಲ ಕಾಣಬೇಕು. ತಿದ್ದಿದ ಮೇಲೆ ಇನ್ನೊಂದು. ಅವರ ಹತ್ತಿರ ಹಳೆಯದರ ಸ್ಕ್ರೀನ್‌ಶಾಟ್ ಇದ್ದೇ ಇರುತ್ತೆ. ಕದ್ದುಮುಚ್ಚಿ ತಿದ್ದಿದರೆ ಹೆದರಿ ಬದಲಾಯಿಸಿದಳು ಅಂತಾರೆ. ಪತ್ರದಲ್ಲಿ ನೀನೇ ತಾರೀಖು ಹಾಕಿ ಹೇಳಿದರೆ ಆ ಮಾತಿಗೆ ಜಾಗ ಇರಲ್ಲ. ಇನ್ನೊಂದು ಮಾತನ್ನು ಎರಡೆರಡು ಸಲ ಹೇಳಿದರು. ಆ ಫೋನನ್ನು ಮಾರಬೇಡ, ರೀಸೆಟ್ ಮಾಡಬೇಡ. ಕೋರ್ಟಿಗೆ ವಾಟ್ಸಾಪ್ ಪ್ರಿಂಟ್ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಮೂಲ ಫೋನ್ ಇಲ್ಲದಿದ್ದರೆ ಅದಕ್ಕೆ ಒದ್ದಾಡಬೇಕಾಗುತ್ತೆ. ನಾನೋ ದಸರಾಕ್ಕೆ ಹೊಸ ಫೋನ್ ತಗೊಂಡು ಹಳೇದನ್ನು ಎಕ್ಸ್‌ಚೇಂಜಿಗೆ ಹಾಕೋಣ ಅಂತಿದ್ದೆ. ಅದು ಈಗಲೂ ಗೋದ್ರೇಜ್ ಕಪಾಟಿನಲ್ಲಿದೆ.

ಸೆಪ್ಟೆಂಬರ್ 17ಕ್ಕೆ ರಿವ್ಯೂ ತಿದ್ದಿದೆ. ಹೀಟರಿನ ವಾಕ್ಯ ತೆಗೆದೆ. ಫೋನಿನದನ್ನು ‘ಜುಲೈ 15ರ ನಂತರ ಐದು ಸಲ ಫೋನ್ ಮಾಡಿದೆ, ಎತ್ತಲಿಲ್ಲ’ ಅಂತ ಮಾಡಿದೆ. ಓದಿ ನೋಡಿದರೆ ಮೊದಲಿಗಿಂತ ಇದೇ ಖಾರವಾಗಿತ್ತು!

ಇನ್ನು ಪತ್ರ. ನನ್ನ ಮೊದಲ ಡ್ರಾಫ್ಟ್ ಐದು ಪುಟ. ನಾವು ಎಷ್ಟು ವರ್ಷದಿಂದ ಅಂಗಡಿ ಇಟ್ಟಿದ್ದೇವೆ, ನಮ್ಮ ಹೆಸರು ಏನು, ಹೆಣ್ಣುಮಕ್ಕಳು ಕಷ್ಟಪಟ್ಟು ಚಿಪ್ಸ್ ಮಾಡಿದ್ದು ಹೇಗೆ ಹಾಳಾಯಿತು, ನಿಮ್ಮ ಕಕ್ಷಿದಾರರಿಗೆ ನಾಚಿಕೆ ಆಗಬೇಕು, ನಾವೂ ನಿಮ್ಮ ಮೇಲೆ ಕೇಸು ಹಾಕುತ್ತೇವೆ. ವಕೀಲರು ಹಸಿರು ಪೆನ್ ತೆಗೆದು ಅಡ್ಡ ಗೆರೆ ಎಳೆಯುತ್ತಾ ಹೋದರು. “ನಾಚಿಕೆ ಆಗಬೇಕು ಅಂತ ಕೋರ್ಟು ಹೇಳಲಿ.” “ಕೇಸು ಹಾಕೋದಾದರೆ ಹಾಕು, ಇಲ್ಲಿ ಬೆದರಿಸಬೇಡ. ಅವರು ಮಾಡಿದ್ದೂ ಅದನ್ನೇ.” ಮೆಕ್ಯಾನಿಕ್ ‘ನಿಮ್ಮಲ್ಲಿ ವೋಲ್ಟೇಜ್ ಕಮ್ಮಿ’ ಅಂತ ಬಾಯಿಮಾತಿಗೆ ಹೇಳಿದ್ದರು, ಅದಕ್ಕೆ ನಾನು ಒಂದು ಪ್ಯಾರಾ ವಾದ ಮಾಡಿದ್ದೆ. ಅದನ್ನೂ ಹೊಡೆದರು. ನೋಟಿಸಿನಲ್ಲಿ ವೋಲ್ಟೇಜ್ ಸುದ್ದಿಯೇ ಇಲ್ಲ, ಕೇಳದ ಪ್ರಶ್ನೆಗೆ ಉತ್ತರ ಯಾಕೆ? ನೀನು ಮತ್ತೆ ಕಾರಣ ಹೇಳೋಕೆ ಹೊರಟಿದ್ದೀಯ ಅಂದರು. ನಿಜ, ಹೀಟರಿನಲ್ಲಿ ಮಾಡಿದ ತಪ್ಪನ್ನೇ ವೋಲ್ಟೇಜಿನಲ್ಲಿ ಮಾಡುತ್ತಿದ್ದೆ.

ಯಾರದೋ ಮಾದರಿ ನೋಡಿ ಮೇಲೆ ‘ವಿತೌಟ್ ಪ್ರಿಜುಡಿಸ್’ ಅಂತ ಬರೆದಿದ್ದೆ. ದೊಡ್ಡ ಪದ, ಗತ್ತಾಗಿರುತ್ತೆ ಅಂತ. ಅದಕ್ಕೂ ಅಡ್ಡ ಗೆರೆ. ಅದನ್ನು ಹಾಕೋದು ರಾಜಿ ಮಾತುಕತೆಯ ಕಾಗದಕ್ಕೆ, ನಾಳೆ ಇದನ್ನು ಕೋರ್ಟಿಗೆ ತೋರಿಸಬಾರದು ಅನ್ನೋ ಅರ್ಥದಲ್ಲಿ. ನನ್ನ ಪತ್ರ ಇರೋದೇ ತೋರಿಸೋಕೆ!

ಉಳಿದದ್ದು ಒಂದೂವರೆ ಪುಟ. ಬರೆದದ್ದು ಅವರ ವಕೀಲರಿಗೆ, ಅಂಗಡಿಯವರಿಗಲ್ಲ. ಅದರ ಮುಖ್ಯ ಭಾಗ ಹೀಗಿತ್ತು:

“ಮಾನ್ಯರೇ, ತಮ್ಮ ಕಕ್ಷಿದಾರರ ಪರವಾಗಿ ತಾವು ಕಳಿಸಿದ ದಿನಾಂಕ 6-9-2025ರ ನೋಟಿಸು ನನಗೆ 11-9-2025ರಂದು ತಲುಪಿದೆ. ಅದರಲ್ಲಿನ ಆರೋಪಗಳನ್ನು, ಈ ಕೆಳಗೆ ನಾನೇ ಒಪ್ಪಿರುವಷ್ಟನ್ನು ಬಿಟ್ಟು, ಅಲ್ಲಗಳೆಯುತ್ತೇನೆ.

“ನಾನು ‘ಮೋಸಗಾರರು’ ಎಂದೂ ‘ಸೆಕೆಂಡ್ ಹ್ಯಾಂಡ್ ಮಷೀನ್’ ಎಂದೂ ಬರೆದಿದ್ದೇನೆ ಎಂದು ತಮ್ಮ ನೋಟಿಸು ಹೇಳುತ್ತದೆ. ಈ ಎರಡೂ ಪದ ನನ್ನ ಬರಹದಲ್ಲಿ ಇಲ್ಲ. ನಾನು ಬರೆದದ್ದರ ಪೂರ್ತಿ ಪ್ರತಿ ಲಗತ್ತು 1ರಲ್ಲಿದೆ. ಅದರಲ್ಲಿ ಯಾವ ವಾಕ್ಯ ಸುಳ್ಳು ಎಂದು ತಮ್ಮ ಕಕ್ಷಿದಾರರು ಹೇಳುತ್ತಾರೆ ಎಂಬುದನ್ನು ಆ ವಾಕ್ಯವನ್ನೇ ಎತ್ತಿ ಬರೆದು ತಿಳಿಸಬೇಕಾಗಿ ಕೋರುತ್ತೇನೆ.

“12-6-2025ರಂದು ತಮ್ಮ ಕಕ್ಷಿದಾರರಿಂದ 18,500 ರೂ. ಕೊಟ್ಟು ಬ್ಯಾಂಡ್ ಸೀಲರ್ ಖರೀದಿಸಿದ್ದೇನೆ (ಲಗತ್ತು 2, ಬಿಲ್). 19-6-2025ರಂದು ಸೀಲ್ ಬಿಡುತ್ತಿರುವ ಬಗ್ಗೆ ಫೋಟೋ ಸಹಿತ ತಿಳಿಸಿದ್ದೇನೆ. ತಮ್ಮ ಕಕ್ಷಿದಾರರು ಅದೇ ದಿನ ಉತ್ತರಿಸಿದ್ದಾರೆ (ಲಗತ್ತು 3). ಮೆಕ್ಯಾನಿಕ್ ಬಂದದ್ದು 12-7-2025ರಂದು (ಲಗತ್ತು 4, ಅವರೇ ಕೊಟ್ಟ ಚೀಟಿ). 15-7-2025ರಂದು ಮತ್ತೆ 20 ಪ್ಯಾಕೆಟ್‌ಗಳಲ್ಲಿ 7 ಸೋರಿದವು. ಇದರ ವಿಡಿಯೋ ನನ್ನ ಬಳಿ ಇದೆ.

“ಫೋನ್ ಎತ್ತುವುದೇ ಇಲ್ಲ ಎಂದು ನಾನು ಬರೆದದ್ದು ನಿಖರವಾಗಿರಲಿಲ್ಲ. 12-7-2025ಕ್ಕೆ ಮೊದಲು ಮೂರು ಬಾರಿ ಕರೆ ಸ್ವೀಕರಿಸಿದ್ದಾರೆ. 15-7-2025ರ ನಂತರದ ಐದು ಕರೆಗಳನ್ನು ಸ್ವೀಕರಿಸಿಲ್ಲ (ಲಗತ್ತು 5). ಅದರಂತೆ ವಾಕ್ಯವನ್ನು 17-9-2025ರಂದು ಸರಿಪಡಿಸಿದ್ದೇನೆ.

“ಹೀಟರ್ ಹಳೆಯದಿರಬೇಕು ಎಂಬ ವಾಕ್ಯ, ಮಷೀನ್ ಬಿಚ್ಚಿದಾಗ ನಾನು ಕಂಡದ್ದರಿಂದ ನನಗೆ ಬಂದ ಅನುಮಾನ. ಅದನ್ನು ಖಚಿತಪಡಿಸಿಕೊಳ್ಳುವ ದಾರಿ ನನಗಿಲ್ಲ. ಆದ್ದರಿಂದ ಆ ವಾಕ್ಯವನ್ನು ಅದೇ ದಿನ ತೆಗೆದಿದ್ದೇನೆ. ತಮ್ಮ ಕಕ್ಷಿದಾರರ ಬಗ್ಗೆ ನನಗೆ ದ್ವೇಷವಿಲ್ಲ. ಉಳಿದ ಬರಹ ನನ್ನ ಸ್ವಂತ ಅನುಭವ, ಅದನ್ನು ತೆಗೆಯಲು ಕಾರಣ ಕಾಣುವುದಿಲ್ಲ. ಪರಿಹಾರದ ಹಾಗೂ ನೋಟಿಸು ವೆಚ್ಚದ ಬೇಡಿಕೆಯನ್ನು ಒಪ್ಪುವುದಿಲ್ಲ.”

ಕೊನೆಯಲ್ಲಿ 66ಎ ರದ್ದಾಗಿರುವ ಬಗ್ಗೆ ಒಂದೇ ಸಾಲು. ಅದರ ಕೆಳಗೆ, ಮಷೀನಿನ ಒಂದು ವರ್ಷದ ವಾರಂಟಿ ಇನ್ನೂ ಮುಗಿದಿಲ್ಲ, ರಿಪೇರಿ ಆದರೆ ಅದನ್ನೂ ಅದೇ ರಿವ್ಯೂವಿನಲ್ಲಿ ಬರೆಯಲು ತಯಾರಿದ್ದೇನೆ ಅಂತ ಒಂದು ವಾಕ್ಯ. ಇದು ನನ್ನದೇ ಸೇರ್ಪಡೆ. ವಕೀಲರು ಹಸಿರು ಪೆನ್ ಎತ್ತಿ, ಯೋಚನೆ ಮಾಡಿ, ಬಿಟ್ಟರು.

ತಪ್ಪು ಒಪ್ಪಿಕೊಳ್ಳೋ ಆ ಎರಡು ಪ್ಯಾರಾ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಭಾವನವರಿಗೆ ಸುತಾರಾಂ ಇಷ್ಟ ಇರಲಿಲ್ಲ. ‘ನಾವೇ ಬರೆದುಕೊಟ್ಟ ಹಾಗಾಗಲ್ವಾ?’ ಅಂದರು. ಅವರ ಮಾತಿನಲ್ಲಿ ನಿಜ ಇಲ್ಲದಿಲ್ಲ. ಇದು ಅಪಾಯ ಇಲ್ಲದ ದಾರಿ ಅಂತ ವಕೀಲರೂ ಹೇಳಲಿಲ್ಲ. ಎರಡು ತಿಂಗಳು ಆ ವಾಕ್ಯ ಅಲ್ಲಿ ಇದ್ದದ್ದು ಇದ್ದದ್ದೇ, ತೆಗೆದರೂ ಅಳಿಸಿಹೋಗಲ್ಲ. ಆದರೆ ಕಾಲ್ ಲಾಗ್ ಅವರ ಫೋನಿನಲ್ಲೂ ಇದೆ. ಮೂರು ಸಲ ಎತ್ತಿದ್ದನ್ನು ಅವರು ಕೋರ್ಟಿನಲ್ಲಿ ತೋರಿಸಿದರೆ ನಾನು ಹೇಳಿದ ಮಿಕ್ಕ ನಿಜವೂ ಅದರ ಜೊತೆ ಹೋಗುತ್ತೆ. ಅವರು ತೋರಿಸುವ ಮೊದಲು ನಾನೇ ಹೇಳಿಬಿಡೋದು ವಾಸಿ ಅಂತ ಆಯಿತು.

ಸೆಪ್ಟೆಂಬರ್ 20, ಶನಿವಾರ, ಪೋಸ್ಟ್ ಆಫೀಸಿಗೆ ಹೋದೆ. ‘ರಿಜಿಸ್ಟರ್ ಮಾಡಿ’ ಅಂದರೆ ಕೌಂಟರಿನವರು, ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನ ಜೊತೆ ಸೇರಿಹೋಗ್ತಿದೆ ಅಕ್ಕಾ ಅಂದರು. ಸರಿ, ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ರಸೀದಿಯನ್ನು ಪತ್ರದ ನಕಲಿಗೆ ಪಿನ್ ಮಾಡಿದೆ. ತಲುಪಿದೆ ಅಂತ ಟ್ರ್ಯಾಕಿಂಗಿನಲ್ಲಿ ಬಂದ ಕೂಡಲೇ ಅದನ್ನೂ ಪ್ರಿಂಟ್ ತೆಗೆಸಿದೆ. ಒಂದು ಆಸೆ ಮಾತ್ರ ಕಷ್ಟಪಟ್ಟು ತಡೆದುಕೊಂಡೆ. ನೋಟಿಸನ್ನೂ ನನ್ನ ಉತ್ತರವನ್ನೂ ಫೋಟೋ ಹೊಡೆದು ನಮ್ಮ ವ್ಯಾಪಾರಿಗಳ ಗ್ರೂಪಿಗೆ ಹಾಕಬೇಕು ಅಂತ ಕೈ ತುರಿಸುತ್ತಿತ್ತು. ವಕೀಲರು ಮೊದಲೇ ಹೇಳಿದ್ದರು, ಹಾಗೆ ಹಾಕಿದರೆ ಇಲ್ಲದ ‘ಮೋಸಗಾರರು’ ಅನ್ನುವ ಪದವನ್ನು ಊರಿಗೆ ಹಂಚಿದವಳು ನೀನೇ ಆಗ್ತೀಯ ಅಂತ.

ಅವರ ಕಡೆಯಿಂದ ಇವತ್ತಿನವರೆಗೆ ಉತ್ತರ ಬಂದಿಲ್ಲ. ಯಾವ ವಾಕ್ಯ ಸುಳ್ಳು ಅಂತಲೂ ಹೇಳಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಶಿವಮೊಗ್ಗದಿಂದ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬಂತು. ಒಳಗೆ ಪತ್ರ ಇಲ್ಲ, ಬಿಲ್ ಇಲ್ಲ, ಒಂದು ಜೊತೆ ಹೀಟರ್. ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿದೆ. 20 ಪ್ಯಾಕೆಟ್ ಮುಳುಗಿಸಿದೆವು, ಒಂದರಲ್ಲೂ ಗುಳ್ಳೆ ಬರಲಿಲ್ಲ. ಹೇಳಿದ ಹಾಗೆ ರಿವ್ಯೂವಿನ ಕೆಳಗೆ ಬರೆದೆ: ‘ಈಗ ಹೊಸ ಹೀಟರ್ ಕಳಿಸಿದ್ದಾರೆ, ಹಾಕಿದ ಮೇಲೆ ಸೀಲ್ ಸರಿಯಾಗಿದೆ.’ ‘ಹೊಸ’ ಅಂತ ಬರೆದು ಒಂದು ಗಳಿಗೆ ನಿಲ್ಲಿಸಿದೆ. ಅದು ಹೊಸದು ಅಂತ ನನಗೇನು ಗೊತ್ತು? ಆ ಪದ ತೆಗೆದು ‘ಬೇರೆ ಹೀಟರ್’ ಅಂತ ಹಾಕಿದೆ. ಸ್ಟಾರ್ ಮೂರಕ್ಕೆ ಏರಿಸಿದೆ.

ಫೈಲ್ ಇನ್ನೂ ಮುಚ್ಚಿಲ್ಲ. ಸಿವಿಲ್ ದಾವಾ ಹಾಕೋಕೆ ಅವರಿಗೆ ಬರಹ ಪ್ರಕಟವಾದ ದಿನದಿಂದ ಒಂದು ವರ್ಷ ಟೈಮ್ ಇದೆ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಹಾಗಾಗಿ ಬಿಲ್, ಚೀಟಿ, ರಸೀದಿ, ಹಳೇ ಫೋನ್ ಎಲ್ಲ ಒಂದೇ ಕವರಿನಲ್ಲಿ ಕಪಾಟು ಸೇರಿವೆ. ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡಿಯಬಾರದು ಅಂತ ಆ ಕವರನ್ನೂ ಅದೇ ಮಷೀನಿನಲ್ಲಿ ಸೀಲ್ ಮಾಡಿ ಇಟ್ಟಿದ್ದೇನೆ.